ಉಂಬಳಕ್ಕೆ ಮೂರು ಉತ್ತರ

ಮಳೆಗಾಲದಲ್ಲಿ ಬರುವವರು ಬಾಡಿಗೆಗಿಂತ ಮೊದಲು ಕೇಳುವುದು ಉಂಬಳದ, ಅಂದರೆ ಕಾಲಿಗೆ ಹತ್ತುವ ಜಿಗಣೆಯ ಬಗ್ಗೆ. ತೀರ್ಥಹಳ್ಳಿ ಕಡೆ ಇರುವ ನಮ್ಮ ಭಾವನ ಹೋಂಸ್ಟೇಗೆ ಇರುವುದು ಒಂದೇ ಜಿಮೇಲ್. ಉತ್ತರ ಬರೆಯುವವರು ಮಾತ್ರ ಮೂವರು. ಭಾವ ಬರೆಯುತ್ತಾರೆ: "ಉಂಬಳ ಇಲ್ಲದೆ ಎಂಥ ಮಳೆಗಾಲ ಮಾರಾಯ್ರೆ, ಬನ್ನಿ." ಅಕ್ಕ: "ತೋಟಕ್ಕೆ ಇಳಿದರೆ ಹತ್ತುತ್ತವೆ, ಉಪ್ಪು ಕೊಡ್ತೇವೆ." ಅವರ ಮಗ: "ಮಾನ್ಯರೇ, ಅಂಥ ತೊಂದರೆ ಇರುವುದಿಲ್ಲ."

ಮೂರು ದನಿ ಇದ್ದರೆ ನನಗೇನೂ ತಕರಾರಿಲ್ಲ. ಮನೆಯಲ್ಲಿ ಮೂರು ಜನ ಇದ್ದಾರೆ ಅಂತ ಬರುವವರಿಗೂ ಗೊತ್ತಾಗಲಿ. ಆದರೆ ಉಂಬಳ ಇದೆಯೋ ಇಲ್ಲವೋ ಅನ್ನುವುದರಲ್ಲಿ ಎರಡು ಮಾತು ಇರಬಾರದು, ಅಲ್ವಾ?

ಜಿಮೇಲ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಟೆಂಪ್ಲೇಟ್ಸ್ ಆನ್ ಮಾಡಿಕೊಂಡು ಅಕ್ಕ ಮೂರು ವಾಕ್ಯ ಬರೆದಿಟ್ಟಿದ್ದಾಳೆ. ಮಳೆಗಾಲದಲ್ಲಿ ತೋಟದಲ್ಲಿ, ಕಾಡುದಾರಿಯಲ್ಲಿ ಉಂಬಳ ಇರುತ್ತವೆ. ರೂಮಿನೊಳಗೆ ಅಪರೂಪ. ಉದ್ದದ ಕಾಲುಚೀಲ ತನ್ನಿ. ಇಷ್ಟನ್ನು ಯಾರೂ ಮುಟ್ಟುವ ಹಾಗಿಲ್ಲ. ಅದರ ಮುಂಚಿನ ಒಂದು ಸಾಲು, ಆಮೇಲಿನ ಒಂದು ಸಾಲು ಬರೆಯುವವರ ಇಷ್ಟ. ಮಾರಾಯ್ರೆ ಅಂತಾದರೂ ಅನ್ನಲಿ, ಮಾನ್ಯರೇ ಅಂತಾದರೂ ಅನ್ನಲಿ. ಇಡೀ ಪತ್ರವನ್ನೇ ಅಚ್ಚು ಹಾಕಿಟ್ಟರೆ ಜನ ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರವೇ ಹೋಗುವುದಿಲ್ಲ. ನಾಯಿ ಕರೆತರಬಹುದಾ ಅಂತ ಕೇಳಿದವರಿಗೂ ಸುಮ್ನೆ ಕಾಲುಚೀಲ ತನ್ನಿ ಅಂತ ಹೋಗುತ್ತದೆ.

ಸಹಿಯ ಕಥೆ ಬೇರೆ. ಎಲ್ಲದಕ್ಕೂ ಬರೀ ಹೋಂಸ್ಟೇ ಹೆಸರು ಹಾಕುತ್ತಿದ್ದ ಕಾಲದಲ್ಲಿ ಒಬ್ಬರು ಬುಕಿಂಗ್ ರದ್ದು ಮಾಡಿ, ಪೂರ್ತಿ ಅಡ್ವಾನ್ಸ್ ವಾಪಸ್ ಕೊಡ್ತೇವೆ ಅಂತ ನೀವೇ ಬರೆದಿದ್ದೀರಲ್ಲ ಅಂದರು. ಬರೆದದ್ದು ನಿಜ, ಸೆಂಟ್‌ನಲ್ಲಿ ಇತ್ತು. ಬರೆದವರು ಯಾರು? ಮೂವರೂ ಒಂದೇ ಪಾಸ್‌ವರ್ಡ್‌ನಲ್ಲಿ ಒಳಗೆ ಹೋಗುವುದರಿಂದ ಅಲ್ಲಿ ಹೆಸರಿಲ್ಲ. ದುಡ್ಡು ಕೊಟ್ಟರು. ಈಗ ಸಹಿಯಲ್ಲಿ ಮೇಲೆ ಬರೆದವರ ಹೆಸರು, ಕೆಳಗೆ ಹೋಂಸ್ಟೇ ಹೆಸರು, ಫೋನ್. ಮೂವರಿಗೂ ಒಂದೊಂದು ಸಹಿ ಮಾಡಿಟ್ಟು, ಕಂಪ್ಯೂಟರಿನಿಂದ ಕಳಿಸುವಾಗ ತಮ್ಮದನ್ನು ಆರಿಸಿಕೊಳ್ಳುತ್ತಾರೆ.

ಇದರಲ್ಲಿ ಒಂದು ಚೂರು ಕಿತಾಪತಿ ಇದೆ. ಹೊಸ ಮೇಲ್‌ಗೆ ಯಾವ ಸಹಿ, ರಿಪ್ಲೈಗೆ ಯಾವ ಸಹಿ ಅಂತ ಜಿಮೇಲ್ ಬೇರೆ ಬೇರೆಯಾಗಿ ಕೇಳುತ್ತದೆ. ಹೋಂಸ್ಟೇಯಿಂದ ಹೋಗುವುದು ಜಾಸ್ತಿ ರಿಪ್ಲೈಗಳೇ. ಆ ಎರಡನೆಯದು ಖಾಲಿ ಇದ್ದರೆ, ಆರಿಸಿಕೊಳ್ಳಲು ಮರೆತಾಗ ಎಷ್ಟು ಚಂದದ ಸಹಿ ಮಾಡಿಟ್ಟಿದ್ದರೂ ರಿಪ್ಲೈಯಲ್ಲಿ ಬರುವುದಿಲ್ಲ. ಫೋನಿನ ಆ್ಯಪಿನಲ್ಲಿ ಮೊಬೈಲ್ ಸಿಗ್ನೇಚರ್ ಅಂತ ಮತ್ತೊಂದು ಇದೆ. ಕಂಪ್ಯೂಟರಿನಲ್ಲಿ ತಿದ್ದಿದ್ದು ಅದನ್ನು ತಿದ್ದುವುದಿಲ್ಲ. ಭಾವನ ಫೋನಿನಿಂದ ಹಳೆಯ ಲ್ಯಾಂಡ್‌ಲೈನ್ ನಂಬರ್ ಹೋಗುತ್ತಲೇ ಇತ್ತು. ತಮಗೇ ಒಂದು ಮೇಲ್ ಕಳಿಸಿ, ಅದಕ್ಕೆ ಪ್ರತಿ ಫೋನಿನಿಂದಲೂ ರಿಪ್ಲೈ ಮಾಡಿ ನೋಡಿದರೆ ಇದು ಸಿಕ್ಕಿಬೀಳುತ್ತದೆ.

ಇನ್ನು ಡ್ರಾಫ್ಟ್. ಒಬ್ಬರು ಅರ್ಧ ಬರೆದಿಟ್ಟದ್ದು ಮೂವರಿಗೂ ಕಾಣುತ್ತದೆ. ಭಾವ ಅಡಿಕೆ ಕೊನೆ ಕೊಯ್ಲಿನ ಜನಕ್ಕೆ ಕಾಫಿ ಕೊಡಲು ಎದ್ದು ಹೋದಾಗ ಮಗ ಅದನ್ನು ನೆಟ್ಟಗೆ ಮಾಡಿ ಕಳಿಸಿಬಿಡುತ್ತಿದ್ದ. ಮಾರಾಯ್ರೆಯಿಂದ ಶುರುವಾಗಿ ವಿಶ್ವಾಸಿಯಲ್ಲಿ ಮುಗಿಯುತ್ತಿತ್ತು ಪತ್ರ. ಈಗ ಮೇಲ್ ತೆರೆದವರು ಮೊದಲು ತಮ್ಮ ಹೆಸರಿನ ಲೇಬಲ್ ಹಾಕಬೇಕು. ಬೇರೆಯವರ ಲೇಬಲ್ ಇದ್ದರೆ ಕೈ ಹಾಕುವ ಹಾಗಿಲ್ಲ. ಅವರು ಎಷ್ಟು ಹೊತ್ತಾದರೂ ಉತ್ತರ ಬರೆಯದಿದ್ದರೆ ಅಡುಗೆಮನೆಯಿಂದ ಅಕ್ಕ ಕೂಗುತ್ತಾಳೆ.