ಚೆಕ್ ದುಡ್ಡು ಖಾತೆಯಲ್ಲಿ ಕಂಡ ಮಾತ್ರಕ್ಕೆ ನಮ್ಮದಾಗುವುದಿಲ್ಲ

ಹೋದ ತಿಂಗಳು ಒಂದು ಶುಕ್ರವಾರ ಅಪ್ಪ ಫೋನ್ ಮಾಡಿದರು. ಇಲ್ಲಿ ಡಲ್ಲಾಸಿನಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ತೀರ್ಥಹಳ್ಳಿಯಲ್ಲಿ ಸಂಜೆ ನಾಲ್ಕೂವರೆ. ಅಡಿಕೆ ಕೊಂಡ ವ್ಯಾಪಾರಿ 1,85,000 ರೂಪಾಯಿಗೆ ಚೆಕ್ ಕೊಟ್ಟಿದ್ದ. ಗುರುವಾರ ಮಧ್ಯಾಹ್ನ ಮೂರೂವರೆಗೆ ಅಪ್ಪ ಅದನ್ನು ಬ್ಯಾಂಕಿನ ಡ್ರಾಪ್ ಬಾಕ್ಸಿಗೆ ಹಾಕಿ ಬಂದಿದ್ದರು. ಶುಕ್ರವಾರ ಮೊಬೈಲಲ್ಲಿ ನೋಡಿದರೆ ಬ್ಯಾಲೆನ್ಸಿನಲ್ಲಿ ಆ ಮೊತ್ತ ಸೇರಿದೆ. ಕೊನೆ ಕೊಯ್ದವರಿಗೆ ಕೂಲಿ ಕೊಡಬೇಕು ಅಂತ ಎಟಿಎಂಗೆ ಹೋದರೆ ದುಡ್ಡು ಬರಲಿಲ್ಲ.

"ದುಡ್ಡು ಕಣ್ಣಿಗೆ ಕಾಣ್ತಾ ಇದೆ, ಕೈಗೆ ಕೊಡಲ್ಲ ಅಂತಾರೆ. ನಿಮ್ಮ ಅಮೆರಿಕದಲ್ಲಿ ಹೀಗೆಲ್ಲ ಇರಲ್ಲ ಅಲ್ವೇನೋ ಮಾರಾಯ?"

ಇರಲ್ಲ, ನಿಜ. ಇಲ್ಲಿ ಎಷ್ಟೋ ಸಲ ಮಾರನೇ ದಿನವೇ ತೆಗೆಯಬಹುದು. ಆದರೆ ಈ ಒಂದು ವಿಷಯದಲ್ಲಿ ನಮ್ಮೂರಿನ ಕಾಯಿಸುವ ಪದ್ಧತಿಯೇ ಮೇಲು ಅಂತ ನನಗೆ ಅನಿಸಿದೆ. ಅದಕ್ಕೆ ಕಾರಣ ಹೇಳಬೇಕಾದರೆ ಚೆಕ್ ಎಲ್ಲಿಗೆ ಹೋಗಿ ಬರುತ್ತದೆ ಅನ್ನುವುದನ್ನು ಮೊದಲು ಹೇಳಬೇಕು.

ಚೆಕ್ ಅಂದರೆ ದುಡ್ಡಲ್ಲ. ವ್ಯಾಪಾರಿ ತನ್ನ ಬ್ಯಾಂಕಿಗೆ ಬರೆದ ಕಾಗದ ಅದು. "ನನ್ನ ಖಾತೆಯಿಂದ ಇಷ್ಟು ದುಡ್ಡು ಇವರಿಗೆ ಕೊಡಿ" ಅಂತ. ಅಪ್ಪನ ಬ್ಯಾಂಕು ಆ ಕಾಗದವನ್ನು ವ್ಯಾಪಾರಿಯ ಬ್ಯಾಂಕಿಗೆ ತಲುಪಿಸಿ ಉತ್ತರ ತರಬೇಕು, ಅಷ್ಟೇ. ಇಬ್ಬರ ಖಾತೆಯೂ ಒಂದೇ ಬ್ಯಾಂಕಿನಲ್ಲಿದ್ದರೆ ಈ ಓಡಾಟವೇ ಇಲ್ಲ, ಬ್ಯಾಂಕಿನ ಒಳಗೇ ಮುಗಿದುಹೋಗುತ್ತದೆ. ಬೇರೆ ಬೇರೆ ಬ್ಯಾಂಕಾದಾಗ ಮಾತ್ರ ಕ್ಲಿಯರಿಂಗ್ ಅನ್ನುವುದು ಬರುತ್ತದೆ.

ಮೊದಲು ಕಾಗದವೇ ಊರೂರು ಸುತ್ತುತ್ತಿತ್ತು. ಈಗ ಚೆಕ್ ಹಾಕಿದ ಬ್ಯಾಂಕಿನಲ್ಲೇ ಕಾಗದ ಉಳಿಯುತ್ತದೆ, ಸ್ಕ್ಯಾನ್ ಮಾಡಿದ ಚಿತ್ರ ಮಾತ್ರ ಹೋಗುತ್ತದೆ. ಇದಕ್ಕೆ ಸಿಟಿಎಸ್ ಅಂತಾರೆ. 2008ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಚೆಕ್ಕಿನ ಕೆಳಗೆ ಬಿಳಿ ಪಟ್ಟಿಯಲ್ಲಿ ಒಂಥರಾ ವಿಚಿತ್ರ ಅಕ್ಷರದಲ್ಲಿ ಅಂಕಿಗಳಿರುತ್ತವೆ, ನೋಡಿರಬಹುದು. ಮೊದಲ ಆರು ಅಂಕಿ ಚೆಕ್ ನಂಬರು. ಅದರ ಪಕ್ಕದ ಒಂಬತ್ತರಲ್ಲಿ ಮೊದಲ ಮೂರು ಊರಿಗೆ, ಆಮೇಲಿನ ಮೂರು ಬ್ಯಾಂಕಿಗೆ, ಕೊನೆಯ ಮೂರು ಶಾಖೆಗೆ. ಬೆಂಗಳೂರಿನ ಚೆಕ್ಕಾದರೆ ಪಿನ್ ಕೋಡಿನ ಹಾಗೇ 560 ಅಂತ ಶುರುವಾಗುತ್ತದೆ. ಚಿತ್ರ ಯಾವ ಬ್ಯಾಂಕಿಗೆ ಹೋಗಬೇಕು ಅನ್ನುವುದನ್ನು ಯಂತ್ರ ತಿಳಿಯುವುದು ಈ ಅಂಕಿಗಳಿಂದ, ಮೇಲೆ ಅಚ್ಚಾದ ಬ್ಯಾಂಕಿನ ಹೆಸರಿನಿಂದ ಅಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಚಿತ್ರ ತಲುಪಿದ ಮೇಲೆ ವ್ಯಾಪಾರಿಯ ಬ್ಯಾಂಕು ನೋಡುತ್ತದೆ. ಖಾತೆಯಲ್ಲಿ ಅಷ್ಟು ದುಡ್ಡಿದೆಯಾ? ಸಹಿ ಹೊಂದುತ್ತಾ? ತಾರೀಕು ಮೂರು ತಿಂಗಳೊಳಗಿನದಾ? ಅಕ್ಷರದಲ್ಲಿ ಬರೆದದ್ದೂ ಅಂಕಿಯಲ್ಲಿ ಬರೆದದ್ದೂ ಒಂದೇನಾ? ಕೊಡಬೇಡಿ ಅಂತ ಆತ ಮೊದಲೇ ತಡೆ ಹಾಕಿದ್ದಾನಾ? ಇದರಲ್ಲಿ ಒಂದು ತಪ್ಪಿದರೂ ಚೆಕ್ ವಾಪಸ್ ಬರಬಹುದು. ಈ ಉತ್ತರ ಬರುವ ತನಕ ಅಪ್ಪನ ಖಾತೆಯಲ್ಲಿ ಕಾಣುವುದು ಬರೀ ಗುರುತು ಹಾಕಿಟ್ಟ ಮೊತ್ತ. ಒಟ್ಟು ಬ್ಯಾಲೆನ್ಸಿನಲ್ಲಿ ಸೇರಿರುತ್ತದೆ, ತೆಗೆಯಬಹುದಾದ ಬ್ಯಾಲೆನ್ಸಿನಲ್ಲಿ ಇರುವುದಿಲ್ಲ. ಎಟಿಎಂ ನೋಡುವುದು ಎರಡನೆಯದನ್ನು.

ಹಾಗಾದರೆ ಉತ್ತರ ಯಾವಾಗ ಬರುತ್ತದೆ? ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದು ಇಲ್ಲಿ.

ಬಹಳ ಕಾಲ ಚೆಕ್ ಜಗತ್ತಿನಲ್ಲಿ "ಹೌದು" ಅನ್ನುವ ಮಾತೇ ಇರಲಿಲ್ಲ. "ಇಲ್ಲ" ಅನ್ನುವುದು ಮಾತ್ರ ಇತ್ತು. ಇವತ್ತು ಚೆಕ್ ಹೋಗುತ್ತಿತ್ತು, ನಾಳೆ ವಾಪಸ್ ಬರುವ ಚೆಕ್ಕುಗಳ ಸರದಿ. ಅದರಲ್ಲಿ ನಿಮ್ಮದು ಇಲ್ಲ ಅಂದರೆ ಪಾಸಾಯಿತು ಅಂತ ಲೆಕ್ಕ. ಅದಕ್ಕೇ ಒಂದು ದಿನ ಜಾಸ್ತಿ ಕಾಯಬೇಕಿತ್ತು. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ಇದನ್ನು ಬದಲಿಸಿತು. ಆವಾಗ ಹೇಳಿದ ಸಮಯ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು. ಅಷ್ಟರಲ್ಲಿ ಚೆಕ್ಕುಗಳ ಚಿತ್ರ ಒಂದೇ ಸಮನೆ ಹೋಗುತ್ತಿರಬೇಕು. ಕೊಡಬೇಕಾದ ಬ್ಯಾಂಕು ಪ್ರತಿ ಚೆಕ್ಕಿಗೂ ಸಂಜೆ ಏಳರೊಳಗೆ ಹೌದು ಅಥವಾ ಇಲ್ಲ ಅನ್ನಲೇಬೇಕು. ಏಳಾದರೂ ಸುಮ್ನೆ ಇದ್ದರೆ ಒಪ್ಪಿದ ಹಾಗೆ. ಬ್ಯಾಂಕುಗಳ ನಡುವಿನ ಲೆಕ್ಕ ಚುಕ್ತಾ ಆದ ಮೇಲೆ ಗಂಟೆಯೊಳಗೆ ಗಿರಾಕಿಗೆ ದುಡ್ಡು ಬಿಡಬೇಕು.

ಅಪ್ಪನಿಗೆ ಆದದ್ದೂ ಇಷ್ಟೇ. ಮೂರೂವರೆಗೆ ಡಬ್ಬಿಗೆ ಬಿದ್ದ ಚೆಕ್ಕನ್ನು ಆ ದಿನ ಯಾರೂ ತೆಗೆದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಸ್ಕ್ಯಾನ್ ಆಗಿದೆ. ಅಪ್ಪ ಎಟಿಎಂ ಮುಂದೆ ನಿಂತಿದ್ದಾಗ ವ್ಯಾಪಾರಿಯ ಬ್ಯಾಂಕು ಇನ್ನೂ ಉತ್ತರ ಕೊಟ್ಟಿರಲಿಲ್ಲ. "ಸಂಜೆ ತನಕ ತಡೀರಿ" ಅಂದೆ. ಆರೂವರೆ ಹೊತ್ತಿಗೆ ದುಡ್ಡು ಬಿಟ್ಟರು. ಆಮೇಲೆ ಅದು ನಿಜವಾಗಿಯೂ ಅಪ್ಪನದೇ ದುಡ್ಡು.

ಈಗ ನಾನಿರುವ ಊರಿಗೆ ಬರುತ್ತೇನೆ. ಅಮೆರಿಕದಲ್ಲೂ ಹಿಂದೆ ಬ್ಯಾಂಕುಗಳು ಚೆಕ್ ದುಡ್ಡನ್ನು ವಾರಗಟ್ಟಲೆ ಹಿಡಿದಿಡುತ್ತಿದ್ದವು. ಜನ ರೋಸಿಹೋಗಿ ದೂರಿದರು. 1987ರಲ್ಲಿ ಸಂಸತ್ತು ಒಂದು ಕಾನೂನು ಮಾಡಿ, ಇಷ್ಟು ದಿನದೊಳಗೆ ಗಿರಾಕಿಗೆ ದುಡ್ಡು ಬಿಡಲೇಬೇಕು ಅಂತ ಬ್ಯಾಂಕುಗಳ ಕೈ ಕಟ್ಟಿತು. ಅದರ ನಿಯಮಕ್ಕೆ ರೆಗ್ಯುಲೇಶನ್ ಸಿಸಿ ಅಂತಾರೆ. ಮಾಮೂಲಿ ಚೆಕ್ಕಾದರೆ ಮೊದಲ 275 ಡಾಲರ್ ಮಾರನೇ ಕೆಲಸದ ದಿನ, ಉಳಿದದ್ದು ಎರಡನೇ ಕೆಲಸದ ದಿನ. ಒಂದೇ ದಿನ 6,725 ಡಾಲರಿಗಿಂತ ಹೆಚ್ಚು ಹಾಕಿದರೆ, ಅದರ ಮೇಲಿನ ಭಾಗವನ್ನು ಇನ್ನಷ್ಟು ದಿನ ತಡೆಯಬಹುದು. ಕಾನೂನಿನ ಉದ್ದೇಶ ಒಳ್ಳೆಯದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಹೇಳಿದ್ದು ದುಡ್ಡು ಯಾವಾಗ ಬಿಡಬೇಕು ಅಂತ. ಅಷ್ಟರಲ್ಲಿ ಉತ್ತರ ಬಂದಿರಬೇಕು ಅಂತ ಅಲ್ಲ. ಇಲ್ಲಿ ಇವತ್ತಿಗೂ "ಹೌದು" ಅಂತ ಯಾರೂ ಹೇಳಿ ಕಳಿಸುವುದಿಲ್ಲ. "ಇಲ್ಲ" ಬಂದರೆ ಬಂತು. ಅದು ಬರುವ ಮೊದಲೇ ದುಡ್ಡು ನಿಮ್ಮ ಕೈಯಲ್ಲಿರುತ್ತದೆ.

ಇದರಿಂದ ಏನಾಗುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದೆ. ದಾವಣಗೆರೆಯ ಹುಡುಗನೊಬ್ಬ ಎಂಎಸ್ ಮುಗಿಸಿ ಬೇರೆ ಊರಿಗೆ ಕೆಲಸಕ್ಕೆ ಹೊರಟಿದ್ದ. ಮನೆಯ ಸೋಫಾ, ಮಂಚ, ಮೇಜು ಎಲ್ಲ ಸೇರಿ 900 ಡಾಲರಿಗೆ ಮಾರಲು ಹಾಕಿದ್ದ. ಒಬ್ಬ ಕೊಳ್ಳುತ್ತೇನೆ ಅಂದ. ಅಂಚೆಯಲ್ಲಿ 2,400 ಡಾಲರಿನ ಕ್ಯಾಷಿಯರ್ಸ್ ಚೆಕ್ ಬಂತು. ಕ್ಯಾಷಿಯರ್ಸ್ ಚೆಕ್ ಅಂದರೆ ನಮ್ಮ ಡಿಡಿ ಇದ್ದ ಹಾಗೆ, ಬ್ಯಾಂಕೇ ತನ್ನ ಮೇಲೆ ಬರೆದುಕೊಟ್ಟದ್ದು. "ಜಾಸ್ತಿ ಇರುವ 1,500 ಡಾಲರನ್ನು ಸಾಮಾನು ಸಾಗಿಸುವವನಿಗೆ ಕಳಿಸಿಬಿಡಿ" ಅಂತ ಮೆಸೇಜು.

ಹುಡುಗ ದಡ್ಡನಲ್ಲ. ಮೊದಲು ಚೆಕ್ ಪಾಸಾಗಲಿ, ಆಮೇಲೆ ಕಳಿಸುತ್ತೇನೆ ಅಂದ. ಸೋಮವಾರ ಬ್ಯಾಂಕಿಗೇ ಹೋಗಿ ಕೌಂಟರಿನಲ್ಲಿ ಹಾಕಿದ. ಕ್ಯಾಷಿಯರ್ಸ್ ಚೆಕ್ಕನ್ನು ಹೀಗೆ ಕೈಯಾರೆ ಕೊಟ್ಟರೆ ಮಾರನೇ ದಿನವೇ ದುಡ್ಡು ಬಿಡಬೇಕು ಅಂತ ನಿಯಮವಿದೆ. ಮಂಗಳವಾರ ಬೆಳಿಗ್ಗೆ ಪೂರ್ತಿ 2,400 ಡಾಲರ್ ಅವೈಲಬಲ್ ಅಂತ ತೋರಿಸಿತು. ಕೌಂಟರಿನಲ್ಲಿ ಕೇಳಿದ್ದಕ್ಕೆ ಅಲ್ಲಿದ್ದವರು ಸ್ಕ್ರೀನ್ ನೋಡಿ ಕ್ಲಿಯರ್ ಆಗಿದೆ ಅಂದರಂತೆ. ಸಂಜೆ 1,500 ಡಾಲರ್ ಕಳಿಸಿದ.

ಅದೇ ಮಂಗಳವಾರ ಚೆಕ್ಕಿನ ಚಿತ್ರ ಎದುರು ಬ್ಯಾಂಕಿಗೆ ತಲುಪಿದೆ. ಅಮೆರಿಕದಲ್ಲಿ ಆ ಬ್ಯಾಂಕಿಗೆ ಮಾರನೇ ದಿನದ ಮಧ್ಯರಾತ್ರಿ ತನಕ ವಾಪಸ್ ಕಳಿಸುವ ಅವಕಾಶವಿದೆ. ಬುಧವಾರ ಅವರು ನೋಡಿದರೆ ಅಂಥ ಖಾತೆಯೇ ಇಲ್ಲ, ಚೆಕ್ ನಕಲಿ. ಗುರುವಾರ ವಾಪಸ್ ಬಂತು. ಶುಕ್ರವಾರ ಬೆಳಿಗ್ಗೆ ಹುಡುಗನ ಖಾತೆಯಿಂದ 2,400 ಡಾಲರ್ ಕಡಿದುಕೊಂಡರು. ಅವನದೇ ಅಂತ ಇದ್ದದ್ದು 1,100. ಕಳಿಸಿದ 1,500 ಹೋಗಿ ಖಾತೆ ಮೈನಸ್ 400ಕ್ಕೆ ಇಳಿಯಿತು. ಮೋಸ ಮಾಡಿದವನ ಫೋನ್ ಬಂದ್. ಬ್ಯಾಂಕು ಹೇಳಿದ್ದು, ಚೆಕ್ ಹಾಕಿದವರು ನೀವು, ವಾಪಸ್ ಬಂದರೆ ಹೊಣೆಯೂ ನಿಮ್ಮದೇ. ಕಾನೂನಿನ ಪ್ರಕಾರ ಅದು ಸರಿಯೇ ಇತ್ತು. ಅವನು ಶುಕ್ರವಾರದ ತನಕ ಕಾದಿದ್ದರೂ ಇಷ್ಟಾಗುತ್ತಿರಲಿಲ್ಲ. ಇನ್ನೂ ಕೆಟ್ಟ ನಕಲಿಗಳಿವೆ. ಕೆಳಗಿನ ಅಂಕಿ ಒಂದು ಬ್ಯಾಂಕಿನದು, ಮೇಲೆ ಅಚ್ಚಾದ ಹೆಸರು ಇನ್ನೊಂದರದು. ಅಂಥದ್ದು ತಪ್ಪು ಜಾಗಕ್ಕೆ ಹೋಗಿ ಸುತ್ತಿ ಬರಲು ಇನ್ನೂ ದಿನ ಹಿಡಿಯುತ್ತದೆ.

ಆ ಹುಡುಗ ನಮ್ಮ ಅಡುಗೆಮನೆಯಲ್ಲಿ ಕೂತು ಫೋನ್ ಪರದೆ ತೋರಿಸಿ, "ಅಣ್ಣಾ, ಅವೈಲಬಲ್ ಅಂತ ಬರೆದಿತ್ತು, ನೋಡಿ" ಅಂತ ಮತ್ತೆ ಮತ್ತೆ ಹೇಳುತ್ತಿದ್ದ. ನನಗೆ ನಿಜವಾಗಿ ಸಿಟ್ಟು ಬಂದದ್ದು ಆ ಪದದ ಮೇಲೆ. ತೆಗೆಯಬಹುದು ಅನ್ನುವುದೇ ಬೇರೆ, ಪಾಸಾಗಿದೆ ಅನ್ನುವುದೇ ಬೇರೆ. ಒಟ್ಟು ಎಷ್ಟು, ತೆಗೆಯಬಹುದಾದದ್ದು ಎಷ್ಟು ಅಂತ ತೋರಿಸುವ ಬ್ಯಾಂಕಿಗೆ, ಈ ಚೆಕ್ ಇನ್ನೂ ವಾಪಸ್ ಬರಬಹುದು ಅಂತ ಒಂದು ಸಾಲು ಬರೆಯುವುದು ಕಷ್ಟವಲ್ಲ. ಬರೆಯಲೇಬೇಕು ಅಂತ ನನ್ನ ಅಭಿಪ್ರಾಯ. ಕಾಯಿಸಿದರೆ ಗಿರಾಕಿ ಬೈಯುತ್ತಾನೆ, ಬೇಗ ಕೊಟ್ಟರೆ ಖುಷಿಪಡುತ್ತಾನೆ, ಅದು ಗೊತ್ತು. ಆದರೆ ಉತ್ತರ ಬಾರದ ದುಡ್ಡನ್ನು ಕೊಟ್ಟಾಗ ಅಪಾಯ ಪೂರ್ತಿ ಗಿರಾಕಿಯ ತಲೆ ಮೇಲೆ ಬೀಳುತ್ತದೆ. ನಮ್ಮಲ್ಲಿ ತೋಟದಿಂದ ಬಂದ ಅಪ್ಪನನ್ನು ಸಂಜೆ ತನಕ ಕಾಯಿಸಿದರು, ಬೇಸರವಾಯಿತು, ಆದರೆ ಕೂಲಿ ಕೊಟ್ಟ ಮೇಲೆ ಚೆಕ್ ವಾಪಸ್ ಬಂದು ಖಾತೆ ಮೈನಸ್ ಆಗುವ ಪ್ರಮೇಯ ಬರಲಿಲ್ಲ.

ಹಾಗಂತ ನಮ್ಮಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಡ್ರಾಪ್ ಬಾಕ್ಸ್ ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅಂತ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಬೇಕು. ಅದಿಲ್ಲದ ಕಾರಣಕ್ಕೇ ಅಪ್ಪನಿಗೆ ಒಂದು ದಿನ ಹೋಯಿತು. ಮುಂದಿನ ಸಲ ಹತ್ತು ಗಂಟೆಗೇ ಹೋಗಿ ಕೌಂಟರಿನಲ್ಲಿ ಕೊಟ್ಟು, ಚಲನ್ ಮೇಲೆ ಸೀಲ್ ಹಾಕಿಸಿಕೊಳ್ಳಿ ಅಂದಿದ್ದೇನೆ. ದೊಡ್ಡ ಮೊತ್ತವಾದರೆ ಪಾಸಿಟಿವ್ ಪೇ ವಿವರ ಕೊಟ್ಟಿದ್ದೀಯಾ ಅಂತ ವ್ಯಾಪಾರಿಯನ್ನು ಕೇಳಿ ಅಂತಲೂ ಹೇಳಿದ್ದೇನೆ. ಚೆಕ್ ಬರೆದವನು ನಂಬರು, ತಾರೀಕು, ಹೆಸರು, ಮೊತ್ತವನ್ನು ತನ್ನ ಬ್ಯಾಂಕಿಗೆ ಮೊದಲೇ ತಿಳಿಸುವ ವ್ಯವಸ್ಥೆ ಅದು. 50,000 ರೂಪಾಯಿ ಮತ್ತು ಅದಕ್ಕೂ ಮೇಲಿನ ಚೆಕ್ಕುಗಳಿಗೆ 2021ರಿಂದ ಇದೆ.

ಇಲ್ಲಿರುವ ನಮ್ಮ ಹುಡುಗರಿಗೆ ಹೇಳುವುದು ಬೇರೆ. ಪರಿಚಯವಿಲ್ಲದವರು ಚೆಕ್ ಕೊಟ್ಟರೆ, ಅದರ ಮೇಲೆ ಹೆಸರಿರುವ ಬ್ಯಾಂಕಿನ ನಂಬರನ್ನು ನೀವೇ ಹುಡುಕಿ ಫೋನ್ ಮಾಡಿ. ಚೆಕ್ ಮೇಲೆ ಅಚ್ಚಾದ ನಂಬರಿಗೆ ಮಾಡಬೇಡಿ, ಅದನ್ನು ಎತ್ತುವವನು ಮೋಸಗಾರನೇ ಆಗಿರಬಹುದು. ಚೆಕ್ ನಂಬರು, ಮೊತ್ತ ಹೇಳಿ, ಇದನ್ನು ನೀವೇ ಕೊಟ್ಟದ್ದಾ ಅಂತ ಕೇಳಿ. ನಿಮ್ಮ ಬ್ಯಾಂಕಿನಲ್ಲೂ ಕ್ಲಿಯರ್ ಆಯಿತಾ ಅಂತ ಕೇಳಬೇಡಿ. ಇದು ಇನ್ನೂ ವಾಪಸ್ ಬರಬಹುದಾ ಅಂತ ಕೇಳಿ.