ಶೇ 99 ನಿಖರ ಎನ್ನುವ ಹಾಜರಾತಿ ಕ್ಯಾಮೆರಾ: ಸತ್ಯಾಂಶ

“ತರಗತಿಯ ವಿಡಿಯೊ ನೋಡಿ ಮುಖ ಗುರುತಿಸುವ ಹಾಜರಾತಿ ಶೇ 99ರಷ್ಟು ನಿಖರ, ಯಂತ್ರಕ್ಕೆ ಪಕ್ಷಪಾತವೂ ಇಲ್ಲ.” ಈ ಸಂದೇಶ ನಿಜವೇ?

ಅಲ್ಲ. ಇಂಥ ಅಂಕಿ ಸಾಮಾನ್ಯವಾಗಿ ಒಳ್ಳೆಯ ಬೆಳಕಿನಲ್ಲಿ, ನೇರವಾಗಿ ತೆಗೆದ ಚಿತ್ರಗಳಿಂದ ಬಂದಿರುತ್ತದೆ. ತರಗತಿಯಲ್ಲಿ ಕೊನೆಯ ಬೆಂಚಿನ ಮುಖ ವಿಡಿಯೊದಲ್ಲಿ ಕೆಲವೇ ಪಿಕ್ಸೆಲ್‌ಗಳಷ್ಟಿರುತ್ತದೆ. ಬರೆಯಲು ತಲೆ ತಗ್ಗಿಸಿದರೆ ಅದೂ ಸಿಗುವುದಿಲ್ಲ. ಶೇ 99 ನಿಜವೆಂದೇ ಇಟ್ಟುಕೊಳ್ಳೋಣ. 60 ವಿದ್ಯಾರ್ಥಿಗಳು, ದಿನಕ್ಕೆ 6 ಅವಧಿ ಎಂದರೆ 360 ನಿರ್ಧಾರಗಳು. ದಿನಕ್ಕೆ ಮೂರು, ನಾಲ್ಕು ತಪ್ಪು. ಈ ತಪ್ಪುಗಳು ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಯಂತ್ರಕ್ಕೆ ಮುಖ ಗುರುತಿಸಲು ಕಲಿಸಿದ ಚಿತ್ರಗಳಲ್ಲಿ ಕಪ್ಪು ಮೈಬಣ್ಣದವರು, ಮಕ್ಕಳು ಕಡಿಮೆಯಿದ್ದರೆ ಅವರ ವಿಷಯದಲ್ಲೇ ಯಂತ್ರ ಹೆಚ್ಚು ಎಡವುತ್ತದೆ. ಹೀಗೆ ತರಗತಿಯಲ್ಲಿದ್ದರೂ ಅದೇ ವಿದ್ಯಾರ್ಥಿನಿ ಮತ್ತೆ ಮತ್ತೆ ಗೈರುಹಾಜರೆಂದು ದಾಖಲಾಗುತ್ತಾಳೆ. ಇದನ್ನು ತಪ್ಪಿಸಲು, ಮುಖ ಎಷ್ಟು ಹೋಲಬೇಕು ಎಂಬ ಮಿತಿಯನ್ನು ಸಡಿಲಿಸಿದರೆ ಬಾರದವರಿಗೂ ಹಾಜರಿ ಬೀಳುತ್ತದೆ.

ನೀವೇ ಪರೀಕ್ಷಿಸಬಹುದು. ಒಂದು ವಾರ ಹೆಸರು ಕರೆದೂ ಹಾಜರಿ ಹಾಕಿ, ಯಂತ್ರದ ಪಟ್ಟಿಯೊಂದಿಗೆ ಹೋಲಿಸಿ. ತಪ್ಪಾದವರು ಯಾರು, ಎಲ್ಲಿ ಕುಳಿತಿದ್ದರು ಎಂದು ಗುರುತು ಹಾಕಿಕೊಳ್ಳಿ. ಅಂಕಿ ಕಂಡಾಗ, ಯಾರ ಮುಖಗಳ ಮೇಲೆ, ಎಂಥ ಕೋಣೆಯಲ್ಲಿ ಅಳೆದದ್ದು ಎಂದು ಕೇಳಿ.

“ಪೋಷಕರು ಸಹಿ ಹಾಕಿದ್ದಾರೆ” ಎಂಬ ಮಾತೂ ಬರುತ್ತದೆ. ಬೇಡ ಎಂದವರಿಗೆ ಬೇರೆ ದಾರಿಯಿಲ್ಲದಿದ್ದರೆ ಆ ಸಹಿ ಒಪ್ಪಿಗೆಯಾಗದು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಮುಖವನ್ನು ಬದಲಿಸಲಾಗದು. ಆದ್ದರಿಂದ ಮುಖದ ದತ್ತಾಂಶ ಎಲ್ಲಿರುತ್ತದೆ, ಯಾವಾಗ ಅಳಿಸುತ್ತಾರೆ ಎಂಬ ಉತ್ತರವನ್ನು ಸಹಿಗೆ ಮೊದಲೇ ಬರಹದಲ್ಲಿ ಪಡೆಯಿರಿ.