ಸರ್ಕಾರಿ ಕೆಲಸದ ಮೊದಲ ತಿಂಗಳು: ಯುಪಿಎಸ್ ಬೇಕಾ, ಎನ್‌ಪಿಎಸ್ ಸಾಕಾ?

ಪರ: ಯುಪಿಎಸ್‌ಗೆ ಬರೆದುಕೊಡಿ

ಕೇಂದ್ರ ಸರ್ಕಾರದ ಕೆಲಸಕ್ಕೆ ಹೊಸದಾಗಿ ಸೇರುವವರು ಖಾತ್ರಿ ಪಿಂಚಣಿ ಕೊಡುವ ಏಕೀಕೃತ ಪಿಂಚಣಿ ಯೋಜನೆ, ಅಂದರೆ ಯುಪಿಎಸ್ ಬೇಕೆಂದರೆ 30 ದಿನದೊಳಗೆ ಬರೆದುಕೊಡಬೇಕು. ಸುಮ್ನೆ ಇದ್ದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಮಾರುಕಟ್ಟೆಯಲ್ಲಿ ಹೂಡಿ ಬೆಳೆದಷ್ಟೇ ಸಿಗುವ ಎನ್‌ಪಿಎಸ್‌ನಲ್ಲೇ ಉಳಿಯುತ್ತೀರಿ.

ನನ್ನ ಲೆಕ್ಕ ಸರಳ. 25 ವರ್ಷ ಸೇವೆ ಮುಗಿಸಿ ನಿವೃತ್ತಿಯಾದಾಗ ಕೊನೆಯ 12 ತಿಂಗಳ ಮೂಲ ವೇತನದ ಸರಾಸರಿ 1 ಲಕ್ಷ ಇದ್ದರೆ, ತಿಂಗಳಿಗೆ 50,000 ಖಚಿತ. ಅದರ ಮೇಲೆ ತುಟ್ಟಿಭತ್ಯೆ. ನಾನು ಹೋದರೆ ಹೆಂಡತಿಗೆ ಅದರ 60%, ಅಂದರೆ 30,000. ಷೇರುಪೇಟೆ ಆ ವರ್ಷ ಬಿದ್ದರೂ ಇದು ಅಲ್ಲಾಡುವುದಿಲ್ಲ.

ಇದೇ 50,000 ಎನ್‌ಪಿಎಸ್‌ನಿಂದ ಬರಬೇಕಾದರೆ? ಅಲ್ಲಿ ಕೂಡಿದ ಮೊತ್ತದ ಒಂದು ಪಾಲನ್ನು ವಿಮಾ ಕಂಪನಿಗೆ ಕಟ್ಟಿ ತಿಂಗಳ ಪಿಂಚಣಿ ಕೊಳ್ಳಬೇಕು, ಅದೇ ಆನ್ಯುಟಿ. ಅದಕ್ಕೆ ವರ್ಷಕ್ಕೆ 6.5% ಸಿಗುತ್ತದೆ ಅಂದುಕೊಳ್ಳಿ, ಸುಮಾರು 92 ಲಕ್ಷ ಅದಕ್ಕೇ ಕಟ್ಟಬೇಕು. ಒಟ್ಟು ಮೊತ್ತದ 40% ಮಾತ್ರ ಆನ್ಯುಟಿಗೆ ಹಾಕುವವರ ಹತ್ತಿರ ಎರಡು ಕೋಟಿ 30 ಲಕ್ಷದಷ್ಟು ಇರಬೇಕು. ಇಷ್ಟಾದರೂ ಸಾಮಾನ್ಯ ಆನ್ಯುಟಿ ಬೆಲೆ ಏರಿದಂತೆ ಏರುವುದಿಲ್ಲ. ನಮ್ಮ ತಂದೆ ನಿವೃತ್ತಿಯಾಗಿ ಬಹಳ ವರ್ಷವಾಯಿತು, ಇವತ್ತಿಗೂ ತುಟ್ಟಿಭತ್ಯೆ ಏರಿದಾಗ ಪಾಸ್‌ಬುಕ್ ತೆಗೆದು ತೋರಿಸುತ್ತಾರೆ. ಆ ನೆಮ್ಮದಿ ನನಗೂ ಬೇಕು.

ವಿರೋಧ: ಹುಡುಗರಿಗೆ ಎನ್‌ಪಿಎಸ್ಸೇ ಸರಿ

ಮೇಲಿನ ಲೆಕ್ಕ ಪೂರ್ತಿ 25 ವರ್ಷ ಅಲ್ಲೇ ಇದ್ದವರಿಗೆ. 26ಕ್ಕೆ ಸೇರಿ 36ಕ್ಕೆ ಖಾಸಗಿ ಕೆಲಸಕ್ಕೆ ಹೋಗುವವರ ಗತಿ ಏನು? ರಾಜೀನಾಮೆ ಕೊಟ್ಟರೆ ಯುಪಿಎಸ್‌ನ ಖಾತ್ರಿ ಪಿಂಚಣಿ ಸಿಗುವುದಿಲ್ಲ. 25 ವರ್ಷಕ್ಕೆ ಸ್ವಯಂ ನಿವೃತ್ತಿ ತಗೊಂಡರೂ, ಮಾಮೂಲಿ ನಿವೃತ್ತಿಯ ವಯಸ್ಸು ಬರುವವರೆಗೆ ಪಿಂಚಣಿಗೆ ಕಾಯಬೇಕು. ಎನ್‌ಪಿಎಸ್ ಖಾತೆಯಾದರೆ ನೀವು ಎಲ್ಲಿಗೆ ಹೋದರೂ ನಿಮ್ಮ ಹಿಂದೆಯೇ ಬರುತ್ತದೆ.

ಹಣ ಯಾರ ಹೆಸರಿಗೆ ಬೀಳುತ್ತದೆ ಅನ್ನುವುದನ್ನೂ ನೋಡಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 50,000 ಅಂದುಕೊಳ್ಳಿ. ಎನ್‌ಪಿಎಸ್‌ನಲ್ಲಿ ನನ್ನ 10%, ಸರ್ಕಾರದ 14% ಸೇರಿ ತಿಂಗಳಿಗೆ 12,000 ನನ್ನ ಖಾತೆಗೆ. ಯುಪಿಎಸ್‌ನಲ್ಲಿ ಇಬ್ಬರದ್ದೂ 10%, ಒಟ್ಟು 10,000 ಮಾತ್ರ. ಸರ್ಕಾರ ಹಾಕುವ ಇನ್ನೊಂದು 8.5% ಯಾರ ಹೆಸರೂ ಇಲ್ಲದ ಒಟ್ಟು ನಿಧಿಗೆ. ಮನೆ ಕಟ್ಟಲು ಅಂತ ಯುಪಿಎಸ್ ಖಾತೆಯಿಂದ ತೆಗೆದ ದುಡ್ಡು ವಾಪಸ್ ತುಂಬದಿದ್ದರೆ ಪಿಂಚಣಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಗಂಡ ಹೆಂಡತಿ ಇಬ್ಬರೂ ಹೋದ ಮೇಲೆ ಮಕ್ಕಳಿಗೆ ಆ ಪಿಂಚಣಿ ಇಲ್ಲ. ಎನ್‌ಪಿಎಸ್‌ನಲ್ಲಿ ಅಸಲು ವಾಪಸ್ ಬರುವ ಆನ್ಯುಟಿ ಆರಿಸಿಕೊಳ್ಳಬಹುದು, ಕಂತು ಸ್ವಲ್ಪ ಕಡಿಮೆಯಾಗುತ್ತದೆ ನಿಜ.

ಇನ್ನು ಬೆಳವಣಿಗೆ. ಆ 12,000 ಒಂದು ರೂಪಾಯಿ ಏರದೆ 34 ವರ್ಷ ಬಿದ್ದರೂ, ವರ್ಷಕ್ಕೆ 8% ಸಿಕ್ಕರೆ ಸುಮಾರು ಎರಡೂವರೆ ಕೋಟಿ, 10% ಸಿಕ್ಕರೆ ನಾಲ್ಕು ಕೋಟಿ ದಾಟುತ್ತದೆ. ಇದಕ್ಕೆ ಯಾರೂ ಖಾತ್ರಿ ಕೊಡುವುದಿಲ್ಲ, ಒಪ್ಪುತ್ತೇನೆ. ಆದರೆ ತುಂಬಾ ಜನ ಎನ್‌ಪಿಎಸ್ ಬೆಳೆಯಲ್ಲ ಅಂತ ಗೊಣಗುತ್ತಾರೆ, ಖಾತೆ ತೆರೆದು ನೋಡಿದರೆ ಸೇರಿದ ದಿನದ ಡೀಫಾಲ್ಟ್ ಯೋಜನೆಯಲ್ಲೇ ಇರುತ್ತಾರೆ, ಅಲ್ಲಿ ಜಾಸ್ತಿ ದುಡ್ಡು ಸರ್ಕಾರಿ ಬಾಂಡ್, ಸಾಲಪತ್ರಗಳಲ್ಲೇ ಕೂತಿರುತ್ತದೆ. ಎಲ್‌ಸಿ 50 ಅನ್ನುವ ಹೂಡಿಕೆ ಆಯ್ಕೆ ಆರಿಸಿದರೆ 35 ವರ್ಷದವರೆಗೆ ಅರ್ಧ ಷೇರಿಗೆ ಹೋಗುತ್ತದೆ, ಆಮೇಲೆ ವರ್ಷವರ್ಷ ತಾನೇ ಇಳಿಯುತ್ತಾ 55ಕ್ಕೆ 10% ಆಗುತ್ತದೆ. ಎನ್‌ಪಿಎಸ್‌ನಲ್ಲಿ ಉಳಿಯುವುದಾದರೆ ಡೀಫಾಲ್ಟ್ ಯೋಜನೆಯನ್ನು ಮೊದಲ ವರ್ಷವೇ ಬದಲಿಸಿಕೊಳ್ಳಿ.